ನಾಲ್ಕಡಿ ಕಿಟಕಿಯ ಕಮಾನಿಗೆ ಎಷ್ಟು ಇಟ್ಟಿಗೆ ಬೇಕು?

ಪ್ರಶ್ನೆ: ಸರ್, ಮನೆಯ ಮುಂದಿನ ಕಿಟಕಿ 1200 ಮಿಮೀ ಅಗಲ ಇದೆ, ಗೋಡೆ ಒಂಬತ್ತಿಂಚಿನದು. ಅದರ ಮೇಲೆ ಲಿಂಟಲ್ ಬದಲು ಇಟ್ಟಿಗೆ ಕಮಾನು ಮಾಡಿಸಬೇಕು. ಪ್ಲಾಸ್ಟರ್ ಇಲ್ಲ, ಇಟ್ಟಿಗೆ ಕಾಣಬೇಕು. ನಡುವೆ 200 ಮಿಮೀ ಏರಿದರೆ ಚೆಂದ ಅಂತ ಆಸೆ. ಇಟ್ಟಿಗೆ 230 × 108 × 75. ನಾನು 1200 ಅನ್ನು 85ರಿಂದ ಭಾಗಿಸಿ 14 ಇಟ್ಟಿಗೆ ಸಾಕು ಅಂದುಕೊಂಡೆ, ಮೇಸ್ತ್ರಿ 50 ತರಿಸಿ ಅಂತಾರೆ. ಯಾರದು ಸರಿ? ಇಟ್ಟಿಗೆಯನ್ನು ಕಡಿಯದೆ, ಸಂದಿನ ಗಾರೆಯನ್ನೇ ಬೆಣೆ ಥರ ಬಿಟ್ಟು ಕಟ್ಟಬಹುದಾ?

ಉತ್ತರ: ಮೇಸ್ತ್ರಿ ಹೇಳಿದ್ದನ್ನೇ ತರಿಸಿ. ಅವರು ಬಹುಶಃ ಲೆಕ್ಕ ಹಾಕಿಲ್ಲ, ಅನುಭವದಿಂದ ಹೇಳಿದ್ದಾರೆ. ಆದರೆ ಲೆಕ್ಕ ಹಾಕಿದರೂ ಅಲ್ಲಿಗೇ ಬಂದು ನಿಲ್ಲುತ್ತದೆ. ನಿಮ್ಮ 14 ತಪ್ಪಾಗಿದ್ದು ಎರಡು ಕಡೆ. ಕಮಾನು ಬಾಗಿದೆ, ನೀವು ನೇರ ಅಗಲವನ್ನು ಭಾಗಿಸಿದ್ದೀರಿ. ಮತ್ತೆ ನೀವು ಎಣಿಸಿದ್ದು ಒಂದೇ ಸುತ್ತು, ಕಟ್ಟಬೇಕಾಗಿರುವುದು ಒಂದರ ಮೇಲೊಂದು ಎರಡು.

ಬೆಣೆ ಸಂದಿನ ಪ್ರಶ್ನೆಗೆ ಹೌದು, ಕಟ್ಟಬಹುದು. ಆದರೆ ಎಲ್ಲಾ ಕಮಾನಿಗೂ ಅಲ್ಲ. ಎಲ್ಲಿ ಆಗುತ್ತದೆ, ಎಲ್ಲಿ ಆಗುವುದಿಲ್ಲ ಅನ್ನುವುದು ಗೊತ್ತಾದರೆ ಎಣಿಕೆ ತಾನಾಗಿ ಬರುತ್ತದೆ, ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

ಚೌಕ ಇಟ್ಟಿಗೆಗಳನ್ನು ಬಾಗಿದ ಗೆರೆಯ ಮೇಲೆ ಸಾಲಾಗಿ ನಿಲ್ಲಿಸಿ ನೋಡಿ. ಕೆಳಗಡೆ ಒಂದಕ್ಕೊಂದು ತಾಗುತ್ತವೆ, ಮೇಲುಗಡೆ ಬಾಯಿ ಬಿಡುತ್ತವೆ. ಆ ಬಾಯಿಯನ್ನು ಗಾರೆ ತುಂಬಬೇಕು. ಕೆಳಗೆ ಸಂದು ಎಷ್ಟು, ಮೇಲೆ ಎಷ್ಟು ಅನ್ನುವ ವ್ಯತ್ಯಾಸ ಮೂರು ಸಂಗತಿಯ ಮೇಲೆ ನಿಂತಿದೆ: ಇಟ್ಟಿಗೆ ಎಷ್ಟು ದಪ್ಪ, ಅದು ಕಮಾನಿನಲ್ಲಿ ಕೆಳಗಿಂದ ಮೇಲಕ್ಕೆ ಎಷ್ಟು ಆಳ ನಿಂತಿದೆ, ಕಮಾನಿನ ತ್ರಿಜ್ಯ ಎಷ್ಟು. ಇಟ್ಟಿಗೆ ದಪ್ಪಕ್ಕೆ ಕೆಳಗಿನ ಸಂದನ್ನು ಕೂಡಿಸಿ, ಆಳದಿಂದ ಗುಣಿಸಿ, ತ್ರಿಜ್ಯದಿಂದ ಭಾಗಿಸಿದರೆ ಆ ವ್ಯತ್ಯಾಸ ಸಿಗುತ್ತದೆ. ಇಡೀ ಉತ್ತರದಲ್ಲಿ ನೆನಪಿಟ್ಟುಕೊಳ್ಳಬೇಕಾದದ್ದು ಇದೊಂದೇ. ಉಳಿದದ್ದನ್ನು ಕೆಳಗೆ ಬರೆದಿಡುತ್ತೇನೆ, ಬೇಕಾದಾಗ ನೋಡಿಕೊಳ್ಳಿ.

```
R = (s*s + 4*r*r) / (8*r)
A = 2 * asin(s / (2*R))
L = R * A
n*t + (n+1)*j = L
w = (t + j) * d / R
```

ಇದರಲ್ಲಿ `s` ಕಿಟಕಿಯ ಅಗಲ, `r` ಕಮಾನಿನ ಏರು, `R` ತ್ರಿಜ್ಯ, `A` ಕೋನ, `L` ಕಮಾನಿನ ಒಳಗೆರೆಯ ಉದ್ದ. `n` ಇಟ್ಟಿಗೆ ಎಷ್ಟು, `t` ಅದರ ದಪ್ಪ, `j` ಕೆಳಗಿನ ಸಂದು, `d` ಆಳ, `w` ಮೇಲಿನ ಸಂದು ಕೆಳಗಿನದಕ್ಕಿಂತ ಎಷ್ಟು ಜಾಸ್ತಿ ಅನ್ನುವುದು. ಕೋನ ರೇಡಿಯನ್ನಿನಲ್ಲಿ ಇರಬೇಕು. ಫೋನಿನ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿ ಕೊಟ್ಟರೆ 57.3ರಿಂದ ಭಾಗಿಸಿ. ಇಲ್ಲಿ ಎಡವಿ ಕಮಾನಿಗೆ 860 ಇಟ್ಟಿಗೆ ಬೇಕು ಅಂತ ಗಾಬರಿಯಾಗಿ ಫೋನ್ ಮಾಡಿದವರನ್ನೂ ನೋಡಿದ್ದೇನೆ. ಸಂದುಗಳು ಇಟ್ಟಿಗೆಗಿಂತ ಒಂದು ಜಾಸ್ತಿ ಯಾಕೆ ಅಂದರೆ, ಎರಡು ತುದಿಯಲ್ಲೂ ಗೋಡೆಗೂ ಮೊದಲ ಇಟ್ಟಿಗೆಗೂ ನಡುವೆ ಒಂದೊಂದು ಸಂದು ಇರುತ್ತದೆ.

ಈಗ ನಿಮ್ಮ ಕಿಟಕಿ. 1200 ಅಗಲ, 200 ಏರು ಅಂದರೆ ತ್ರಿಜ್ಯ ಸರಿಯಾಗಿ 1000 ಮಿಮೀ ಬರುತ್ತದೆ. ಒಳಗೆರೆಯ ಉದ್ದ 1287. ನೋಡಿ, ನೀವು ಭಾಗಿಸಿದ 1200ಕ್ಕಿಂತ ಇದು ಹೆಚ್ಚುಕಡಿಮೆ ಒಂದು ಇಟ್ಟಿಗೆಯಷ್ಟು ಉದ್ದ.

ಇನ್ನು ಇಟ್ಟಿಗೆ ಹೇಗೆ ನಿಲ್ಲಬೇಕು? ಎರಡು ದಾರಿ ಇವೆ. ಒಂದು, ಇಟ್ಟಿಗೆಯನ್ನು ಉದ್ದಕ್ಕೆ ನಿಲ್ಲಿಸುವುದು. ಮುಂದಿನಿಂದ ನೋಡಿದರೆ 230 ಎತ್ತರದ ಉದ್ದುದ್ದ ಇಟ್ಟಿಗೆಗಳು ಸೂರ್ಯನ ಕಿರಣದ ಥರ ಕಾಣುತ್ತವೆ. ಚಿತ್ರಗಳಲ್ಲಿ ಇದೇ ಚೆಂದ ಕಾಣುವುದರಿಂದ ಎಲ್ಲರಿಗೂ ಇದೇ ಬೇಕು. ಇನ್ನೊಂದು, ಇಟ್ಟಿಗೆಯ ಉದ್ದ ಗೋಡೆಯ ಒಳಕ್ಕೆ ಹೋಗುವ ಹಾಗೆ ಮಗ್ಗುಲಲ್ಲಿ ನಿಲ್ಲಿಸುವುದು. ಆಗ ಮುಂದಿನಿಂದ ಕಾಣುವುದು 108 × 75 ಅಳತೆಯ ಇಟ್ಟಿಗೆಯ ತಲೆ ಮಾತ್ರ. ಒಂಬತ್ತಿಂಚಿನ ಗೋಡೆಗೆ ಅದರ ಉದ್ದ ಸರಿಯಾಗಿ ಹೊಂದುತ್ತದೆ, ಒಂದೇ ಇಟ್ಟಿಗೆ ಗೋಡೆಯ ಈ ಮುಖದಿಂದ ಆ ಮುಖದವರೆಗೆ.

ಉದ್ದಕ್ಕೆ ನಿಲ್ಲಿಸಿದರೆ ಆಳ 230. ಕೆಳಗೆ 6 ಮಿಮೀ ಸಂದು ಬಿಟ್ಟರೆ ವ್ಯತ್ಯಾಸ 81 × 230 / 1000, ಅಂದರೆ ಸುಮಾರು 19. ಮೇಲೆ ಸಂದು 25 ಮಿಮೀ ಆಗುತ್ತದೆ. ಒಂದು ಇಂಚು ಗಾರೆ! ಮಗ್ಗುಲಲ್ಲಿ ನಿಲ್ಲಿಸಿದರೆ ಆಳ 108, ವ್ಯತ್ಯಾಸ 9ಕ್ಕಿಂತ ಕಮ್ಮಿ, ಮೇಲೆ ಸಂದು 15ರ ಆಸುಪಾಸು. ನಾನು ಕೆಳಗೆ 5ಕ್ಕಿಂತ ಕಮ್ಮಿಗೂ ಮೇಲೆ 16ಕ್ಕಿಂತ ಜಾಸ್ತಿಗೂ ಹೋಗುವುದಿಲ್ಲ. 5ಕ್ಕಿಂತ ಸಣ್ಣ ಸಂದಿಗೆ ನಮ್ಮ ಮರಳು ಹಾಕಿದ ಗಾರೆ ಇಳಿಯುವುದೇ ಇಲ್ಲ, ಇಟ್ಟಿಗೆಗೆ ಇಟ್ಟಿಗೆ ಅಂಚು ತಾಗಿ ಆ ಅಂಚು ಸಿಡಿಯುತ್ತದೆ. 16 ದಾಟಿದರೆ ಗಾರೆ ಒಣಗುವಾಗ ಕುಗ್ಗಿ ಇಟ್ಟಿಗೆ ಬಿಟ್ಟು ಬರುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತಿದ್ದಲ್ಲ. ಕೆಲಸ ಶುರು ಮಾಡಿದ ಹೊಸತರಲ್ಲಿ ಒಂದು ಮನೆಗೆ ಇದೇ ಥರ ಉದ್ದ ಇಟ್ಟಿಗೆಯ ಕಮಾನು ಮಾಡಿಸಿದೆ. ಮೇಲೆ ಸಂದು ಒಂದಿಂಚು ಬಂದಿತ್ತು, ಪಾಯಿಂಟಿಂಗ್ ಮಾಡಿದ ಮೇಲೆ ಬಹಳ ಚೆನ್ನಾಗಿಯೇ ಕಾಣುತ್ತಿತ್ತು. ಮೂರನೇ ದಿನಕ್ಕೆ ಸೆಂಟ್ರಿಂಗ್ ಬಿಚ್ಚಿದೆವು. ನಡು ಇಟ್ಟಿಗೆ ಅರ್ಧ ಬೆರಳಷ್ಟು ಕೆಳಗೆ ಇಳಿಯಿತು. ಬೇಸಿಗೆ ಮುಗಿಯುವ ಹೊತ್ತಿಗೆ ಪ್ರತಿ ಸಂದಿನ ಮೇಲುಭಾಗದಲ್ಲೂ ಕೂದಲೆಳೆಯ ಬಿರುಕು. ಮನೆಯವರು ಕೇಳಿದ್ದಕ್ಕೆ "ಗಾರೆ ಸೆಟ್ ಆಗ್ತಿದೆ" ಅಂದೆ. ಬಿಚ್ಚಿ ಮತ್ತೆ ಕಟ್ಟಿಕೊಟ್ಟ ಖರ್ಚು ನನ್ನದೇ.

ಆಗಿದ್ದಿಷ್ಟು. ಕಮಾನಿನಲ್ಲಿ ಇಟ್ಟಿಗೆ ನಿಲ್ಲುವುದು ಅಂಟಿಕೊಂಡು ಅಲ್ಲ, ಒತ್ತಿಕೊಂಡು. ಮೇಲಿನ ಭಾರ ಒಂದು ಇಟ್ಟಿಗೆಯಿಂದ ಪಕ್ಕದ ಇಟ್ಟಿಗೆಗೆ ಸಂದಿನ ಗಾರೆಯ ಮೂಲಕ ದಾಟುತ್ತದೆ. ಗಾರೆ ಪೂರ್ತಿ ತುಂಬಿದ್ದು ಗಟ್ಟಿಯಾಗಿದ್ದರೆ ಇಡೀ ಮುಖದ ಮೇಲೆ ಒತ್ತಡ ಹಂಚಿಕೊಳ್ಳುತ್ತದೆ. ಸಂದಿನ ಅಗಲವಾದ ತುದಿ ಕುಗ್ಗಿದರೆ, ಅಥವಾ ಮೇಸ್ತ್ರಿ ಮೇಲ್ಮೇಲೆ ಬಳಿದು ಒಳಗೆ ಟೊಳ್ಳು ಬಿಟ್ಟರೆ, ಒತ್ತಡವೆಲ್ಲಾ ಕೆಳಗಿನ ಸಣ್ಣ ಅಂಚಿಗೆ ಬೀಳುತ್ತದೆ. ಇಟ್ಟಿಗೆ ಆ ಅಂಚಿನ ಮೇಲೆ ಬಾಗಿಲು ಕೀಲಿನ ಮೇಲೆ ತಿರುಗಿದ ಹಾಗೆ ತಿರುಗುತ್ತದೆ. ನಡು ಇಟ್ಟಿಗೆ ಇಳಿಯುವುದು ಹೀಗೆ.

ಅದಕ್ಕೆ ನನ್ನ ಸಲಹೆ, ಮಗ್ಗುಲಲ್ಲಿ ನಿಲ್ಲಿಸಿದ ಇಟ್ಟಿಗೆಯ ಎರಡು ಸುತ್ತು. ಒಂದರ ಮೇಲೊಂದು. ಒಟ್ಟು ಆಳ ಅಷ್ಟೇ ಸಿಗುತ್ತದೆ, ಆದರೆ ಒಂದೊಂದು ಸುತ್ತಿಗೂ ಬೆಣೆ ಹೊಸದಾಗಿ ಶುರುವಾಗುವುದರಿಂದ ಸಂದು ಬಾಯಿ ಬಿಡುವುದಿಲ್ಲ.

ಈಗ ಎಣಿಸೋಣ. 1287 ಉದ್ದದ ಒಳಗೆರೆಗೆ 15 ಇಟ್ಟಿಗೆ ಇಟ್ಟರೆ ಇಟ್ಟಿಗೆಗಳೇ 1125 ತಿನ್ನುತ್ತವೆ, ಉಳಿದ 162 ಅನ್ನು 16 ಸಂದಿಗೆ ಹಂಚಿದರೆ ಕೆಳಗೆ 10, ಮೇಲೆ ಸುಮಾರು 19 ಆಗುತ್ತದೆ. ಸ್ವಲ್ಪ ಜಾಸ್ತಿಯೇ. 16 ಇಟ್ಟಿಗೆ ಇಟ್ಟರೆ ಕೆಳಗೆ 5, ಮೇಲೆ ಸುಮಾರು 14. ಇದು ನಡೆಯುತ್ತದೆ, ಆದರೆ 16 ಸರಿಸಂಖ್ಯೆ, ನಟ್ಟನಡುವೆ ಇಟ್ಟಿಗೆ ಬದಲು ಸಂದು ಬರುತ್ತದೆ. ಸರಿಸಂಖ್ಯೆ ಇಟ್ಟಿಗೆ ಹಾಕಿದರೆ ಕಮಾನು ಬೀಳುತ್ತದೆ ಅನ್ನುವುದು ಸುಳ್ಳು. ಆದರೆ ಎರಡೂ ಕಡೆಯಿಂದ ಕಟ್ಟಿಕೊಂಡು ಬಂದು ಕೊನೆಗೆ ನಡುವೆ ಒಂದು ಇಟ್ಟಿಗೆ ಬಿಗಿಯಾಗಿ ಇಳಿಸುವುದು ಮೇಸ್ತ್ರಿಗೆ ಸುಲಭ, ಕಣ್ಣಿಗೂ ಅದೇ ಸರಿ ಕಾಣುತ್ತದೆ. ಇಟ್ಟಿಗೆ ಕಾಣುವ ಗೋಡೆಯಲ್ಲಿ ನಾನಂತೂ ಬೆಸಸಂಖ್ಯೆಯನ್ನೇ ಇಡುತ್ತೇನೆ.

ಹಾಗಿದ್ದರೆ ಏನು ಮಾಡುವುದು? ಇಟ್ಟಿಗೆಯನ್ನು ಬದಲಾಯಿಸಲು ಆಗುವುದಿಲ್ಲ, ಕಿಟಕಿ ಅಗಲವೂ ಆಗಿಹೋಗಿದೆ. ಉಳಿದಿರುವುದು ಏರು ಒಂದೇ. ಅದನ್ನು 200ರಿಂದ 155ಕ್ಕೆ ಇಳಿಸಿ. ತ್ರಿಜ್ಯ 1239 ಆಗುತ್ತದೆ, ಒಳಗೆರೆಯ ಉದ್ದ 1253. ಈಗ 15 ಇಟ್ಟಿಗೆ ಕಳೆದರೆ 128 ಉಳಿಯುತ್ತದೆ, 16 ಸಂದಿಗೆ ಹಂಚಿದರೆ ಒಂದೊಂದಕ್ಕೆ ಸರಿಯಾಗಿ 8. ಮೇಲುಗಡೆ ಸುಮಾರು 15. ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಬೇಕಿಲ್ಲ. 45 ಮಿಮೀ ಏರು ಕಮ್ಮಿ ಆಗಿದ್ದು ಕೆಳಗೆ ನಿಂತು ನೋಡುವವರಿಗೆ ಗೊತ್ತೂ ಆಗುವುದಿಲ್ಲ.

ಮೊದಲ ಸುತ್ತಿನ ಬೆನ್ನ ಮೇಲೆ 10 ಮಿಮೀ ಗಾರೆ ಹಾಕಿ ಎರಡನೇ ಸುತ್ತು ಶುರು ಮಾಡಿದರೆ ಅದರ ಒಳಗೆರೆ ಸುಮಾರು 1372 ಉದ್ದ ಬರುತ್ತದೆ. ಅದಕ್ಕೆ 17 ಇಟ್ಟಿಗೆ ಹಿಡಿಸುತ್ತದೆ, ಕೆಳಗೆ ಸಂದು 5ಕ್ಕಿಂತ ಸ್ವಲ್ಪ ಜಾಸ್ತಿ, ಮೇಲೆ ಸುಮಾರು 12. ಮತ್ತೆ ಬೆಸಸಂಖ್ಯೆ, ಅದೃಷ್ಟ ಅನ್ನಿ. ನೆತ್ತಿಯ ಮತ್ತು ಬುಡದ ಹತ್ತಿರದವು ಬಿಟ್ಟರೆ ಎರಡು ಸುತ್ತಿನ ಸಂದುಗಳು ಒಂದರ ಮೇಲೊಂದು ಕೂರುವುದಿಲ್ಲ, ಅದೂ ಒಳ್ಳೆಯದೇ.

15 ಮತ್ತು 17 ಸೇರಿ 32. ಇದು ಕಮಾನಿನ ಇಟ್ಟಿಗೆ.

ಇನ್ನು ಕಮಾನು ಬಂದು ಒರಗುವ ಜಾಗ. ಕಿಟಕಿಯ ಎರಡೂ ಪಕ್ಕದ ಗೋಡೆಯಲ್ಲಿ ಮೊದಲ ಇಟ್ಟಿಗೆ ಕೂರಲು ಒಂದು ಓರೆ ಬೇಕು, ಮತ್ತು ಈ ಓರೆ ಅಂದುಕೊಂಡಿದ್ದಕ್ಕಿಂತ ಕಡಿದಾಗಿರುತ್ತದೆ. ಕಮಾನು ಚಪ್ಪಟೆಯಾದಷ್ಟೂ ಓರೆ ಕಡಿದು. ನಿಮ್ಮ ಕಮಾನಿಗೆ ಅದು ನೆಟ್ಟಗಿನ ಗೆರೆಯಿಂದ 29 ಡಿಗ್ರಿ ಮಾತ್ರ ವಾಲಿರುತ್ತದೆ. ಎರಡು ಸುತ್ತಿನ ಆಳಕ್ಕೆ ಓರೆ ಸುಮಾರು 198 ಮಿಮೀ ಮೇಲಕ್ಕೂ 110 ಮಿಮೀ ಹಿಂದಕ್ಕೂ ಹೋಗುತ್ತದೆ. ಅಂದರೆ ಒಂದೊಂದು ಪಕ್ಕದಲ್ಲೂ ಎರಡು ಮೂರು ವರಸೆ ಇಟ್ಟಿಗೆಯನ್ನು ಓರೆಯಾಗಿ ಕಡಿಯಬೇಕು. ನೀವು ಕಡಿಯದೆ ಕಟ್ಟಬೇಕು ಅಂದಿರಿ, ಆದರೆ ಇಲ್ಲಿ ಮಾತ್ರ ತಪ್ಪಿಸಲು ಆಗುವುದಿಲ್ಲ. ಇಲ್ಲಿ ಗಾರೆ ತುಂಬಿ ಓರೆ ಮಾಡಿಕೊಳ್ಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಇಡೀ ಕಮಾನಿನ ಒತ್ತಡ ಬಂದು ಸೇರುವುದೇ ಆ ಜಾಗಕ್ಕೆ. ಗ್ರೈಂಡರಿಗೆ ಕಲ್ಲು ಕೊಯ್ಯುವ ಬ್ಲೇಡ್ ಹಾಕಿ ಕೊಯ್ಯಿಸಿ, ಕರಣೆಯಲ್ಲಿ ಹೊಡೆದರೆ ಯಂತ್ರದಲ್ಲಿ ತಂತಿಯಿಂದ ಕೊಯ್ದು ಮಾಡಿದ ಇಟ್ಟಿಗೆ ಬೇಕಾದ ಕಡೆ ಒಡೆಯುವುದಿಲ್ಲ. ಕೊಯ್ಯುವಾಗ ಒಡೆದು ಹೋಗುವುದೂ ಸೇರಿ ಎರಡೂ ಪಕ್ಕಕ್ಕೆ 10 ಇಟ್ಟಿಗೆ ಇಟ್ಟುಕೊಳ್ಳಿ.

42 ಆಯಿತು. ಇಟ್ಟಿಗೆ ಕಾಣುವ ಕೆಲಸದಲ್ಲಿ ಮೂಲೆ ಮುರಿದದ್ದು, ಸುಟ್ಟು ಕಪ್ಪಾದದ್ದು, ಸೊಟ್ಟಗಿರುವುದು ಎಲ್ಲಾ ಪಕ್ಕಕ್ಕೆ ಹೋಗುತ್ತವೆ. ಏಳೆಂಟು ಜಾಸ್ತಿ ಬೇಕೇ ಬೇಕು. 50 ಬಂತಲ್ವಾ?

ಆದರೆ ಆರ್ಡರ್ ಮಾಡುವ ಮುಂಚೆ ಒಂದು ಕೆಲಸ ಮಾಡಿ. ಗೂಡಿನವರು 75 ದಪ್ಪ ಅಂದರು ಅಂತ ನಂಬಬೇಡಿ. ಹತ್ತು ಇಟ್ಟಿಗೆಯನ್ನು ಒಂದಕ್ಕೊಂದು ತಾಗಿಸಿ ಮಗ್ಗುಲಲ್ಲಿ ಸಾಲಾಗಿ ಇಟ್ಟು ಟೇಪ್ ಹಿಡಿಯಿರಿ. 750 ಬಂದರೆ ಸರಿ. 700 ಬಂದರೆ ಒಂದು ಇಟ್ಟಿಗೆಗೆ 5 ಮಿಮೀ ಕಮ್ಮಿ. 15 ಇಟ್ಟಿಗೆಗೆ 75 ಮಿಮೀ, ಅಂದರೆ ಒಂದು ಇಡೀ ಇಟ್ಟಿಗೆಯೇ ಹೋಯಿತು. ಆಗ ಅದೇ 155ರ ಏರಿಗೆ 16 ಬೇಕಾಗುತ್ತದೆ, ಬೆಸಸಂಖ್ಯೆ ಬೇಕಿದ್ದರೆ ಏರನ್ನು ಮತ್ತೆ ಹೊಂದಿಸಬೇಕು. ಸೆಂಟ್ರಿಂಗ್ ಹಲಗೆ ಕೊಯ್ದ ಮೇಲೆ ಇದು ಗೊತ್ತಾದರೆ ಪ್ಲೈವುಡ್ ದಂಡ. ಲಾಟಿನಿಂದ ಲಾಟಿಗೆ ದಪ್ಪ ಬೇರೆ ಆಗುವುದರಿಂದ ಐವತ್ತನ್ನೂ ಒಂದೇ ಲಾಟಿನಿಂದ ಆರಿಸಿಕೊಳ್ಳಿ.

ಇಟ್ಟಿಗೆ ಬಂದ ಮೇಲೆ ಅಂಗಳದಲ್ಲೋ ತಾರಸಿಯಲ್ಲೋ ಒಮ್ಮೆ ಗಾರೆ ಇಲ್ಲದೆ ಜೋಡಿಸಿ ನೋಡಿ. ಒಂದು ಮೊಳೆ ಹೊಡೆದು, ದಾರದಲ್ಲಿ 1239 ಅಳೆದು ಸೀಮೆಸುಣ್ಣದಲ್ಲಿ ಕಮಾನಿನ ಗೆರೆ ಎಳೆಯಿರಿ, 1200 ಅಗಲ ಗುರುತು ಮಾಡಿ. ಆ ಗೆರೆಯ ಮೇಲೆ 15 ಇಟ್ಟಿಗೆ ಇಡಿ. ಕೆಳಗಿನ ಸಂದಿಗೆ ಅಳತೆ ಹುಡುಕಬೇಕಿಲ್ಲ, ಸೈಟಿನಲ್ಲಿ ಬಿದ್ದಿರುವ 8 ಎಂಎಂ ಕಂಬಿಯ ತುಂಡುಗಳನ್ನು ನಡುವೆ ಇಡಿ, ಸಾಕು. ಇದೇ ಗೆರೆಯಿಂದಲೇ ಸೆಂಟ್ರಿಂಗಿಗೆ ಪ್ಲೈವುಡ್ ಗುರುತು ಮಾಡಿಕೊಳ್ಳಬಹುದು. ಕಮಾನಿನ ಆಕಾರದ ಎರಡು ತುಂಡು ಕೊಯ್ದು, ನಡುವೆ ರೀಪರ್ ಹೊಡೆದು, ಮೇಲೆ ತೆಳು ಪಟ್ಟಿ ಹಾಸಿದರೆ ಆಯಿತು. ಪಟ್ಟಿಯ ದಪ್ಪವನ್ನು ತ್ರಿಜ್ಯದಿಂದ ಕಳೆದು ಕೊಯ್ಯಬೇಕು, ಇದನ್ನು ಮರೆಯುವುದು ಬಹಳ ಸಾಮಾನ್ಯ.

ಕಟ್ಟುವಾಗ ಕೇಂದ್ರ ಎಲ್ಲಿ ಅಂತ ಕೇಳಬಹುದು. ಕಮಾನು ಶುರುವಾಗುವ ಮಟ್ಟದಿಂದ 1084 ಮಿಮೀ ಕೆಳಗೆ, ಕಿಟಕಿಯ ನಟ್ಟನಡುವೆ. ಅಲ್ಲಿಗೆ ಕಿಟಕಿ ಬಾಯಿಯಲ್ಲಿ ಒಂದು ಅಡ್ಡಪಟ್ಟಿ ಬಡಿದು, ಮೊಳೆ ಹೊಡೆದು, ದಾರ ಕಟ್ಟಿ. ಪ್ರತಿ ಇಟ್ಟಿಗೆ ಇಟ್ಟ ಮೇಲೂ ದಾರ ಎಳೆದು ನೋಡಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ, ನುರಿತ ಮೇಸ್ತ್ರಿಗಳೂ ಎಡವುವ ಜಾಗ. ದಾರ ಇಟ್ಟಿಗೆಯ ನಡುಗೆರೆಯ ಮೇಲೆ ಹಾಯಬೇಕು, ಅಂಚಿನ ಮೇಲೆ ಅಲ್ಲ. ಕಡಿದು ಬೆಣೆ ಮಾಡಿದ ಇಟ್ಟಿಗೆ ಆದರೆ ಅಂಚೇ ಕೇಂದ್ರದ ಕಡೆ ನೋಡುತ್ತದೆ. ಕಡಿಯದ ಇಟ್ಟಿಗೆಯ ಎರಡೂ ಅಂಚು ಸಮಾನಾಂತರ, ಅವು ಕೇಂದ್ರದ ಕಡೆ ನೋಡುವುದು ಸಾಧ್ಯವೇ ಇಲ್ಲ. ಅಂಚಿಗೆ ದಾರ ಹೊಂದಿಸಿಕೊಂಡು ಎಡಗಡೆಯಿಂದಲೂ ಬಲಗಡೆಯಿಂದಲೂ ಬಂದರೆ ಎರಡೂ ಕಡೆಯ ಇಟ್ಟಿಗೆಗಳು ಸ್ವಲ್ಪ ಸ್ವಲ್ಪ ವಾಲಿರುತ್ತವೆ, ನಡು ಇಟ್ಟಿಗೆಗೆ ಬಂದಾಗ ಜಾಗ ಒಂದು ಕಡೆ ಸಾಲುವುದಿಲ್ಲ, ಇನ್ನೊಂದು ಕಡೆ ಬಾಯಿ ಬಿಟ್ಟಿರುತ್ತದೆ. ಆಗ ಮೇಸ್ತ್ರಿ ನಡು ಇಟ್ಟಿಗೆಯನ್ನು ಕಡಿಯಲು ಹೋಗುತ್ತಾರೆ. ಪ್ರತಿ ಇಟ್ಟಿಗೆಯ ತಲೆಯ ಮೇಲೂ ಪೆನ್ಸಿಲ್ಲಿನಲ್ಲಿ ನಡುಗೆರೆ ಎಳೆದುಕೊಂಡರೆ ಈ ರಗಳೆ ಇಲ್ಲ. ಹಾಗೆಯೇ ಸೆಂಟ್ರಿಂಗಿನ ಮೇಲೆ ಹದಿನೈದೂ ಇಟ್ಟಿಗೆಯ ಜಾಗವನ್ನು ಮೊದಲೇ ಗುರುತು ಮಾಡಿ. ಹಾಗೆ ಮಾಡದೆ ಅಂದಾಜಿನಲ್ಲಿ ಬಂದರೆ ಒಂದೊಂದು ಸಂದಿಗೆ ಒಂದೇ ಮಿಮೀ ಜಾಸ್ತಿ ಆದರೂ ನಡು ಇಟ್ಟಿಗೆಗೆ ಬರುವಾಗ 16 ಮಿಮೀ ಸಾಲದೆ ಹೋಗುತ್ತದೆ.

ಗಾರೆ ಹೇಗಿರಬೇಕು? ಸಿಮೆಂಟ್ ಜಾಸ್ತಿ ಹಾಕಿದರೆ ಗಟ್ಟಿ ಅನ್ನುವ ಲೆಕ್ಕ ಇಲ್ಲಿ ಬೇಡ. ಸಿಮೆಂಟ್ ಜಾಸ್ತಿಯಾದಷ್ಟೂ ಕುಗ್ಗುವುದೂ ಜಾಸ್ತಿ, ಬೆಣೆಯ ಅಗಲ ತುದಿಗೆ ಅದೇ ಶತ್ರು. ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳು, ಇದು ನನಗೆ ಒಗ್ಗಿದ ಹದ. ಸುಣ್ಣ ಇದ್ದರೆ ಗಾರೆ ಬೆಣ್ಣೆಯ ಹಾಗೆ ಇಳಿಯುತ್ತದೆ, ಇಟ್ಟಿಗೆಗೆ ಅಂಟುತ್ತದೆ. ಎಂ-ಸ್ಯಾಂಡ್ ಆದರೆ ಜರಡಿ ಹಿಡಿಯಿರಿ, 5 ಮಿಮೀ ಸಂದಿಗೆ 4 ಮಿಮೀ ಹರಳು ಬಂದು ಕೂತರೆ ಇಟ್ಟಿಗೆ ಅದರ ಮೇಲೆಯೇ ನಿಲ್ಲುತ್ತದೆ. ಎಷ್ಟು ಬೇಕು ಅಂತ ಲೆಕ್ಕ ಹಾಕಿದರೆ ಎರಡು ಸುತ್ತಿನ ಸಂದಿಗೂ ನಡುವಿನ ಪದರಕ್ಕೂ ಸೇರಿ ಹನ್ನೊಂದೂವರೆ ಲೀಟರ್ ಬರುತ್ತದೆ. ಚೆಲ್ಲುವುದು ಉದುರುವುದು ಸೇರಿ 15 ಲೀಟರ್ ಕಲಸಿಕೊಳ್ಳಿ, ಒಂದು ಬಕೆಟ್.

ಇಟ್ಟಿಗೆಯನ್ನು ಮೊದಲೇ ನೀರಿನಲ್ಲಿ ನೆನೆಸಿ, ಮೇಲಿನ ನೀರು ಆರಿದ ಮೇಲೆ ಬಳಸಿ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲಾ ಹೀರಿಬಿಡುತ್ತದೆ. ಇಟ್ಟಿಗೆಯ ಇಡೀ ಮುಖಕ್ಕೆ ಗಾರೆ ಬಳಿದು, ಮೇಲುಗಡೆ ದಪ್ಪ ಕೆಳಗಡೆ ತೆಳು ಮಾಡಿ, ಆಮೇಲೆ ಒತ್ತಿ ಕೂರಿಸಬೇಕು. ಇಟ್ಟಿಗೆ ಇಟ್ಟು ಆಮೇಲೆ ಮೇಲಿನಿಂದ ಗಾರೆ ತುರುಕುವುದು ಬೇಡ, ಅದು ಅರ್ಧದಲ್ಲೇ ನಿಲ್ಲುತ್ತದೆ, ಕೆಳಗೆ ಟೊಳ್ಳು. ಎಲ್ಲಾದರೂ ಸಂದಿನ ಮೇಲುತುದಿ 16 ದಾಟಿದರೆ ಹಸಿ ಗಾರೆಗೆ ಹೆಂಚಿನ ಚೂರೊಂದನ್ನು ಬೆಣೆಯಾಗಿ ಒತ್ತಿ. ಹಳಬರು ಹೀಗೇ ಮಾಡುತ್ತಿದ್ದರು. ಚೂರು ಕುಗ್ಗುವುದಿಲ್ಲ, ಅಷ್ಟು ಗಾರೆ ಕಮ್ಮಿಯಾಗುತ್ತದೆ.

ಸೆಂಟ್ರಿಂಗನ್ನು ನೇರವಾಗಿ ಕಂಬದ ಮೇಲೆ ನಿಲ್ಲಿಸದೆ ಜೋಡಿ ಬೆಣೆಗಳ ಮೇಲೆ ನಿಲ್ಲಿಸಿ. ಏಳು ದಿನ ಕ್ಯೂರಿಂಗ್ ಆದ ಮೇಲೆ ಬೆಣೆಯನ್ನು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಕೂದಲೆಳೆಯಷ್ಟು ಇಳಿಸಿ, ಒಂದು ದಿನ ಬಿಡಿ, ನೋಡಿ, ಆಮೇಲೆ ಬಿಚ್ಚಿ. ಅಷ್ಟರಲ್ಲಿ ಕಮಾನಿನ ಎರಡೂ ಹೆಗಲ ಮೇಲೆ ಗೋಡೆ ಎದ್ದಿರಬೇಕು, ಎಡಬಲ ಒಂದೇ ಸಮನಾಗಿ.

ಏರು ಇಳಿಸಲು ಹೇಳಿದ್ದಕ್ಕೆ ಒಂದು ಬೆಲೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಕಮಾನು ಚಪ್ಪಟೆಯಾದಷ್ಟೂ ಪಕ್ಕದ ಗೋಡೆಯನ್ನು ಜಾಸ್ತಿ ತಳ್ಳುತ್ತದೆ. ಕಮಾನಿನ ಮೇಲೆ ಎರಡಡಿ ಗೋಡೆ ಮಾತ್ರ ಇದೆ ಅಂತ ಇಟ್ಟುಕೊಂಡರೆ, 200 ಏರಿಗೆ ಅಡ್ಡ ತಳ್ಳುವ ಬಲ ಸುಮಾರು 250 ಕಿಲೋ ಭಾರದಷ್ಟು, 155 ಏರಿಗೆ ಸುಮಾರು 325 ಕಿಲೋ. ಎರಡೂ ಪಕ್ಕದಲ್ಲಿ ಗೋಡೆ ಉದ್ದಕ್ಕೆ ಹೋಗಿದ್ದರೆ ಇದು ಲೆಕ್ಕಕ್ಕೇ ಇಲ್ಲ. ಕಿಟಕಿ ಮನೆಯ ಮೂಲೆಗೆ ಹತ್ತಿರ ಇದ್ದು, ಪಕ್ಕದಲ್ಲಿ ಎರಡಡಿಗಿಂತ ಕಮ್ಮಿ ಗೋಡೆ ಉಳಿದಿದ್ದರೆ ಮಾತ್ರ ಯೋಚಿಸಬೇಕು. ತಾರಸಿಯ ಭಾರ ನೇರವಾಗಿ ಕಮಾನಿನ ಮೇಲೆ ಬರುವುದಿದ್ದರೂ ಅಷ್ಟೇ, ನಿಮ್ಮ ಎಂಜಿನಿಯರಿಗೆ ತೋರಿಸಿ. ಅವರು ಸುತ್ತಲೂ ಲಿಂಟಲ್ ಬ್ಯಾಂಡ್ ಹೇಳಿದ್ದರೆ ಕಮಾನು ಇದೆ ಅಂತ ಅದನ್ನು ತುಂಡು ಮಾಡಬೇಡಿ, ಕಮಾನಿನ ಮೇಲೆ ಹಾಯಿಸಿ. ಎರಡು ಸುತ್ತು ಸೇರಿ ಕಮಾನಿನ ನೆತ್ತಿ ಶುರುವಾದ ಮಟ್ಟದಿಂದ 381 ಮಿಮೀ ಮೇಲೆ ಬರುತ್ತದೆ, ಅಷ್ಟು ಎತ್ತರ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಪಕ್ಕದ ಗೋಡೆ ಸರಿದರೆ ಕಮಾನು ಅದನ್ನು ಬಿರುಕಿನಲ್ಲಿ ಬರೆದು ತೋರಿಸುತ್ತದೆ. ನೆತ್ತಿಯ ಸಂದು ಕೆಳಗಡೆ ಬಾಯಿ ಬಿಡುತ್ತದೆ, ಎರಡು ಬುಡದ ಸಂದುಗಳು ಮೇಲುಗಡೆ ಬಿಡುತ್ತವೆ. ಈ ಮೂರೂ ಒಟ್ಟಿಗೆ ಕಂಡರೆ ತಪ್ಪು ಗೋಡೆಯದು. ಹಾಗಲ್ಲದೆ ಎಲ್ಲಾ ಸಂದುಗಳಲ್ಲೂ ಮೇಲುಗಡೆ ಮಾತ್ರ ಕೂದಲೆಳೆ ಬಿರುಕು ಬಂದರೆ ಗಾರೆ ಕುಗ್ಗಿದೆ, ನನ್ನ ಹಳೇ ಕಮಾನಿನ ಹಾಗೆ. ಒಂದೇ ಒಂದು ಇಟ್ಟಿಗೆ ಜಾರಿದ್ದರೆ ಅದರ ಪಕ್ಕದ ಸಂದು ಟೊಳ್ಳು. ಸುತ್ತಿಗೆಯ ಹಿಡಿಯಲ್ಲಿ ತಟ್ಟಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ.

ಕೊನೆಗೆ ಇನ್ನೊಂದು. ನಿಮ್ಮ ಕಮಾನು ನೋಡಿ ಮನೆಯವರು ಬಚ್ಚಲ ಕಿಟಕಿಗೂ ಅರ್ಧಚಂದ್ರದ ಕಮಾನು ಬೇಕು ಅಂದರೆ ಇದೇ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಎರಡಡಿ ಅಗಲದ ಅರ್ಧಚಂದ್ರಕ್ಕೆ ತ್ರಿಜ್ಯ 300 ಮಾತ್ರ. 81 × 108 / 300 ಅಂದರೆ ವ್ಯತ್ಯಾಸವೇ 29 ಮಿಮೀ, ಮೇಲೆ ಸಂದು 35. ನಾಲ್ಕಡಿಯ ಅರ್ಧಚಂದ್ರಕ್ಕೂ ಮೇಲೆ 20 ದಾಟುತ್ತದೆ. ಈ ದಪ್ಪದ ಇಟ್ಟಿಗೆ ಮಗ್ಗುಲಲ್ಲಿ ನಿಂತಾಗ ತ್ರಿಜ್ಯ 900ಕ್ಕಿಂತ ಕಮ್ಮಿ ಇದ್ದರೆ ಗಾರೆಯ ಬೆಣೆಯನ್ನು ಮರೆತುಬಿಡಿ. ಇಟ್ಟಿಗೆಯನ್ನೇ ಬೆಣೆಯಾಗಿ ಕೊಯ್ಯಿಸಬೇಕು, ಇಲ್ಲಾ ತೆಳು ಇಟ್ಟಿಗೆ ಹುಡುಕಬೇಕು. ದಪ್ಪ ಅರ್ಧ ಆದರೆ ಒಂದೊಂದು ಸಂದಿನ ಬೆಣೆಯೂ ಹೆಚ್ಚುಕಡಿಮೆ ಅರ್ಧ ಆಗುತ್ತದೆ. ಹಳೇ ಕಟ್ಟಡಗಳಲ್ಲಿ ಅಂಗೈ ದಪ್ಪದ ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಕೂರಿಸಿದ ಸಣ್ಣ ಸಣ್ಣ ಕಮಾನುಗಳನ್ನು ನೋಡಿರುತ್ತೀರಿ, ಅವು ಒಂದು ಇಟ್ಟಿಗೆಯನ್ನೂ ಕಡಿಯದೆ ಬಾಗಿರುವುದು ಹಾಗೆ.

ಹತ್ತು ಇಟ್ಟಿಗೆ ಸಾಲಿಟ್ಟು ಅಳೆದ ಮೇಲೆ ಎಷ್ಟು ಬಂತು ಅಂತ ಬರೆಯಿರಿ. 742ರಿಂದ 754ರ ಒಳಗೆ ಬಂದರೆ 155ರ ಏರಿಗೇ ಹಲಗೆ ಕೊಯ್ಯಿಸಿ, ಅದರಾಚೆ ಹೋದರೆ ಹಲಗೆ ಕೊಯ್ಯುವ ಮುಂಚೆ ಏರನ್ನು ಮತ್ತೆ ಲೆಕ್ಕ ಹಾಕೋಣ.